ನಾಲ್ಕರಲ್ಲಿ ಒಂದೇ ಸರಿ: ಬಜ್ಪೆಯ ಒಂದು ಮೆಟಾರ್ ಹಿಡಿದು ಎತ್ತರ, ಮೋಡ, ಇಂಧನದ ಲೆಕ್ಕ

ಪೈಲಟ್ ಲೈಸೆನ್ಸ್‌ನ ಥಿಯರಿ ಪರೀಕ್ಷೆಯಲ್ಲಿ ಲೆಕ್ಕದ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ. ಅದರಲ್ಲಿ ತಪ್ಪಾದ ಮೂರನ್ನು ಸುಮ್ನೆ ತೋಚಿದ ಹಾಗೆ ಬರೆದಿರುವುದು ಕಡಿಮೆ. ಓದುವವರು ಎಲ್ಲಿ ಎಡವುತ್ತಾರೆ ಎಂಬುದು ಪ್ರಶ್ನೆ ಮಾಡುವವರಿಗೆ ಗೊತ್ತು. ಹಾಗೆ ಎಡವಿದರೆ ಯಾವ ಅಂಕಿ ಬರುತ್ತದೋ ಅದನ್ನೇ ಹೆಚ್ಚಾಗಿ ಅಲ್ಲಿ ಇಟ್ಟಿರುತ್ತಾರೆ. ಹಾಗಾಗಿ ನಿಮಗೆ ಬಂದ ಉತ್ತರ ಆಯ್ಕೆಗಳಲ್ಲಿ ಕಂಡಿತು ಅಂದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದು ಖುಷಿಪಡುವಂತಿಲ್ಲ. ಡಿಜಿಸಿಎ ಪರೀಕ್ಷೆಯಲ್ಲಿ ಪಾಸಾಗಲು 100ಕ್ಕೆ 70 ಬೇಕು. ಸೂತ್ರ ಬಾಯಿಪಾಠ ಬಂದವರೂ ಕೂಡಿಸಬೇಕಾ ಕಳೆಯಬೇಕಾ ಎನ್ನುವಲ್ಲಿ, ಲೀಟರಾ ಕಿಲೋನಾ ಎನ್ನುವಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಇಲ್ಲಿ ಒಂದೇ ಮೆಟಾರ್, ಅಂದರೆ ವಿಮಾನ ನಿಲ್ದಾಣದ ಹವಾಮಾನ ವರದಿ, ತೆಗೆದುಕೊಂಡು ಮೂರು ಪ್ರಶ್ನೆ ಬಿಡಿಸೋಣ. ಸರಿ ಉತ್ತರದ ಜೊತೆಗೆ ಪ್ರತಿ ತಪ್ಪು ಉತ್ತರ ಎಲ್ಲಿಂದ ಬಂತು ಎಂದೂ ನೋಡೋಣ. ವಿಮಾನ ನಿಲ್ದಾಣ ನಮ್ಮ ಮಂಗಳೂರಿನದ್ದೇ, ಬಜ್ಪೆ ಗುಡ್ಡದ ಮೇಲಿನದ್ದು. ವರದಿ ಮಾತ್ರ ಅಭ್ಯಾಸಕ್ಕೆಂದು ನಾನು ಜೋಡಿಸಿದ್ದು:

```
METAR VOML 140530Z 26010KT 6000 SCT018 BKN080 31/26 Q1003 NOSIG
```

ಮೊದಲು ವರದಿ ಓದಿ

VOML ಅಂದರೆ ಮಂಗಳೂರು. 14ನೇ ತಾರೀಕು, ಸಮಯ 0530 ಯುಟಿಸಿ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 11 ಗಂಟೆ. ಗಾಳಿ 260 ಡಿಗ್ರಿಯಿಂದ, ಅಂದರೆ ಹೆಚ್ಚುಕಮ್ಮಿ ಕಡಲ ಕಡೆಯಿಂದ, 10 ನಾಟ್ ವೇಗದಲ್ಲಿ ಬೀಸುತ್ತಿದೆ. 6000 ಮೀಟರ್ ದೂರದವರೆಗೆ ಕಾಣುತ್ತದೆ. 1800 ಅಡಿಯಲ್ಲಿ ಚದುರಿದ ಮೋಡ, 8000 ಅಡಿಯಲ್ಲಿ ಆಕಾಶದ ಹೆಚ್ಚು ಭಾಗ ಮುಚ್ಚಿದ ಮೋಡ. ಉಷ್ಣತೆ 31, ಇಬ್ಬನಿ ಬಿಂದು 26. ಕ್ಯೂಎನ್‌ಎಚ್ 1003 ಹೆಕ್ಟೋಪಾಸ್ಕಲ್, ಅಂದರೆ ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿದ ಒತ್ತಡ.

ಇದರಲ್ಲಿ ನಮ್ಮ ಲೆಕ್ಕಕ್ಕೆ ಬೇಕಾದದ್ದು ಮೂರೇ: 31, 26, 1003. ಈ ಮೂರನ್ನು ರಫ್ ಹಾಳೆಯಲ್ಲಿ ಹೆಸರು ಸಮೇತ ಬರೆದುಕೊಳ್ಳಿ. ಬರೀ ಅಂಕಿ ಗೀಚಿಕೊಂಡರೆ ಎರಡು ನಿಮಿಷದ ನಂತರ 31 ಬದಲು 26 ಹಾಕಿಬಿಡುತ್ತೀರಿ. ಮತ್ತೊಂದು ವಿಷಯ, ಮೆಟಾರ್‌ನಲ್ಲಿರುವುದು ನೆಲದ ಹತ್ತಿರದ ಗಾಳಿ. ದಾರಿಯಲ್ಲಿ ವಿಮಾನಕ್ಕೆ ಸಿಗುವ ಗಾಳಿಯನ್ನು ಪ್ರಶ್ನೆಯಲ್ಲಿ ಬೇರೆಯಾಗಿ ಕೊಡುತ್ತಾರೆ. ಇಂಧನದ ಲೆಕ್ಕದಲ್ಲಿ ಈ 10 ನಾಟನ್ನು ಎಳೆದು ತರಬೇಡಿ.

ಪ್ರಶ್ನೆ ಒಂದು: ಡೆನ್ಸಿಟಿ ಆಲ್ಟಿಟ್ಯೂಡ್ ಎಷ್ಟು?

ನಿಲ್ದಾಣದ ಎತ್ತರ ಸಮುದ್ರ ಮಟ್ಟದಿಂದ 340 ಅಡಿ ಎಂದು ಪ್ರಶ್ನೆ ಹೇಳುತ್ತದೆ. ಒಂದು ಹೆಕ್ಟೋಪಾಸ್ಕಲ್‌ಗೆ 30 ಅಡಿ ಎಂದು ಹಿಡಿಯಬೇಕು. ಆಯ್ಕೆಗಳು 1970, 2110, 2560, 2710 ಅಡಿ.

ವಿಮಾನದ ರೆಕ್ಕೆಗೂ ಎಂಜಿನ್‌ಗೂ ಬೇಕಾಗಿರುವುದು ಗಾಳಿಯ ಸಾಂದ್ರತೆ. ಒತ್ತಡ ಇಳಿದರೆ ಗಾಳಿ ತೆಳುವಾಗುತ್ತದೆ, ಬಿಸಿ ಏರಿದರೂ ತೆಳುವಾಗುತ್ತದೆ. ಇವತ್ತಿನ ಗಾಳಿ ಎಷ್ಟು ತೆಳುವಾಗಿದೆಯೋ, ಸ್ಟ್ಯಾಂಡರ್ಡ್ ವಾತಾವರಣದಲ್ಲಿ ಅಷ್ಟೇ ತೆಳುವಾದ ಗಾಳಿ ಯಾವ ಎತ್ತರದಲ್ಲಿ ಸಿಗುತ್ತದೆ? ಆ ಎತ್ತರವೇ ಡೆನ್ಸಿಟಿ ಆಲ್ಟಿಟ್ಯೂಡ್. ಸ್ಟ್ಯಾಂಡರ್ಡ್ ವಾತಾವರಣ ಅಂದರೆ ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್, 1013.25 ಹೆಕ್ಟೋಪಾಸ್ಕಲ್, ಮೇಲೆ ಹೋದ ಹಾಗೆ ಪ್ರತಿ 1000 ಅಡಿಗೆ ಸುಮಾರು 2 ಡಿಗ್ರಿ ಇಳಿಕೆ.

ಮೊದಲ ಹೆಜ್ಜೆ ಪ್ರೆಶರ್ ಆಲ್ಟಿಟ್ಯೂಡ್. 1013ರಲ್ಲಿ 1003 ಕಳೆದರೆ 10. ಹತ್ತು ಸಲ 30 ಅಂದರೆ 300 ಅಡಿ. ಈ 300 ಅನ್ನು 340ಕ್ಕೆ ಕೂಡಿಸಬೇಕಾ, ಕಳೆಯಬೇಕಾ? ಅತಿ ಹೆಚ್ಚು ಜನ ಜಾರುವುದು ಇಲ್ಲೇ.

ಇದಕ್ಕೆ ಬಾಯಿಪಾಠಕ್ಕಿಂತ ಒಳ್ಳೆಯ ಉಪಾಯ ಇದೆ. ಅಲ್ಟಿಮೀಟರನ್ನು ಕಣ್ಣ ಮುಂದೆ ತಂದುಕೊಳ್ಳಿ. ಮುಖದ ಮೇಲೆ ಒಂದು ಚಿಕ್ಕ ಕಿಂಡಿ, ಅದರೊಳಗೆ ಒತ್ತಡದ ಅಂಕಿ, ಕೆಳಗೆ ಮೂಲೆಯಲ್ಲಿ ತಿರುಗಿಸುವ ಗುಂಡಿ. ವಿಮಾನ ಬಜ್ಪೆಯಲ್ಲಿ ನೆಲದ ಮೇಲೆ ನಿಂತಿದೆ. ಕಿಂಡಿಯಲ್ಲಿ ಕ್ಯೂಎನ್‌ಎಚ್ 1003 ಇಟ್ಟರೆ ಮುಳ್ಳು ನಿಲ್ದಾಣದ ಎತ್ತರವನ್ನೇ ತೋರಿಸುತ್ತದೆ, 340. ಈಗ ಗುಂಡಿ ತಿರುಗಿಸುತ್ತಾ ಕಿಂಡಿಯ ಅಂಕಿಯನ್ನು 1003ರಿಂದ 1013ಕ್ಕೆ ಏರಿಸಿ. ಕಿಂಡಿಯ ಅಂಕಿ ಏರಿದರೆ ಮುಳ್ಳೂ ಏರುತ್ತದೆ. ಹತ್ತು ಹೆಕ್ಟೋಪಾಸ್ಕಲ್‌ಗೆ 300 ಅಡಿ ಏರಿ ಮುಳ್ಳು 640ಕ್ಕೆ ಬಂದು ನಿಲ್ಲುತ್ತದೆ. 1013 ಇಟ್ಟಾಗ ಅಲ್ಟಿಮೀಟರ್ ತೋರಿಸುವುದೇ ಪ್ರೆಶರ್ ಆಲ್ಟಿಟ್ಯೂಡ್. ಹಾಗಾಗಿ ಉತ್ತರ 640. ಎರಡೂ ಅಂಕಿ ಒಂದೇ ದಿಕ್ಕಿಗೆ ಹೋಗುತ್ತವೆ ಎಂಬುದು ನೆನಪಿದ್ದರೆ ಈ ಜಾತಿಯ ಯಾವ ಪ್ರಶ್ನೆಯಲ್ಲೂ ಕೂಡಿಸು-ಕಳೆ ತಪ್ಪುವುದಿಲ್ಲ.

ಎರಡನೇ ಹೆಜ್ಜೆ, ಆ ಎತ್ತರಕ್ಕೆ ಸ್ಟ್ಯಾಂಡರ್ಡ್ ಉಷ್ಣತೆ ಎಷ್ಟಿರಬೇಕು? 640 ಅಡಿಗೆ ಇಳಿಕೆ 1.28 ಡಿಗ್ರಿ. 15ರಲ್ಲಿ ಕಳೆದರೆ 13.72. ಹೊರಗಿರುವುದು 31. ವ್ಯತ್ಯಾಸ 17.28. ಮೂರನೇ ಹೆಜ್ಜೆಯಲ್ಲಿ ಈ ವ್ಯತ್ಯಾಸದ ಪ್ರತಿ ಡಿಗ್ರಿಗೆ 120 ಅಡಿ ಸೇರಿಸಿ.

```
640 + (120 × 17.28) = 640 + 2073.6 = 2713.6
```

ಉತ್ತರ 2710 ಅಡಿ.

ಉಳಿದ ಮೂರು ಎಲ್ಲಿಂದ ಬಂದವು? 300 ಅಡಿಯನ್ನು ಕೂಡಿಸುವ ಬದಲು ಕಳೆದವರಿಗೆ ಪ್ರೆಶರ್ ಆಲ್ಟಿಟ್ಯೂಡ್ 40 ಬರುತ್ತದೆ. ಅಲ್ಲಿಂದ ಮುಂದೆ ಎಲ್ಲಾ ಸರಿಯಾಗಿ ಮಾಡಿದರೂ 1970ಕ್ಕೆ ತಲುಪುತ್ತಾರೆ. 31ರ ಬದಲು ಇಬ್ಬನಿ ಬಿಂದು 26 ಹಾಕಿದವರಿಗೆ 2110. ಸ್ಟ್ಯಾಂಡರ್ಡ್ ಉಷ್ಣತೆಯನ್ನು ಎತ್ತರಕ್ಕೆ ತಕ್ಕ ಹಾಗೆ ಇಳಿಸದೆ 15 ಅಂತಲೇ ಇಟ್ಟುಕೊಂಡವರಿಗೆ 2560. ಮೂವರಿಗೂ ತಮ್ಮ ಉತ್ತರ ಅಲ್ಲಿ ಕಾಣುತ್ತದೆ, ಮೂವರೂ ನೆಮ್ಮದಿಯಿಂದ ಮುಂದಿನ ಪ್ರಶ್ನೆಗೆ ಹೋಗುತ್ತಾರೆ.

ಆಯ್ಕೆ ಒತ್ತುವ ಮೊದಲು ಬಾಯಲ್ಲೇ ಒಂದು ಅಂದಾಜು ಹಾಕಿ. ನಿಲ್ದಾಣ 340ರಲ್ಲಿದೆ. ಒತ್ತಡ ಕಡಿಮೆ ಇದ್ದದ್ದಕ್ಕೆ 300 ಏರಿತು. ಸ್ಟ್ಯಾಂಡರ್ಡ್‌ಗಿಂತ 17 ಡಿಗ್ರಿ ಜಾಸ್ತಿ ಬಿಸಿ ಇದ್ದದ್ದಕ್ಕೆ 2000 ಚಿಲ್ಲರೆ. ಒಟ್ಟು 2700ರ ಆಸುಪಾಸು. ಕೈಯಲ್ಲಿ ತಿರುಗಿಸುವ ಫ್ಲೈಟ್ ಕಂಪ್ಯೂಟರ್ ಬಳಸಿದರೂ ಇಷ್ಟೇ ಹತ್ತಿರ ಬರುತ್ತದೆ. ಕೆಲವು ಪುಸ್ತಕಗಳಲ್ಲಿ ಹೆಕ್ಟೋಪಾಸ್ಕಲ್‌ಗೆ 27 ಅಡಿ ಎಂದಿರುತ್ತದೆ. ಸಮುದ್ರ ಮಟ್ಟದ ಹತ್ತಿರ ನಿಜಕ್ಕೂ ಅದೇ ಹೆಚ್ಚು ಸರಿ. 27 ಹಾಕಿದರೆ 2680 ಬರುತ್ತದೆ, ಆಗಲೂ ಹತ್ತಿರದ ಆಯ್ಕೆ 2710ನೇ. ಆದರೆ ಪ್ರಶ್ನೆಯಲ್ಲಿ ಯಾವುದನ್ನು ಹಿಡಿಯಿರಿ ಎಂದಿದೆಯೋ ಅದನ್ನೇ ಹಿಡಿಯಿರಿ.

ಕರಾವಳಿಯವರಾದ ನಮಗೆ ಇಲ್ಲಿ ಇನ್ನೊಂದು ಮಾತು ಗೊತ್ತಿರಬೇಕು. ಈ ಸೂತ್ರದಲ್ಲಿ ತೇವಾಂಶದ ಲೆಕ್ಕವೇ ಇಲ್ಲ. ನೀರಿನ ಆವಿ ಒಣ ಗಾಳಿಗಿಂತ ಹಗುರ. ನಮ್ಮೂರಿನ ಸೆಖೆಯ ದಿನ, ಅಂದರೆ 31 ಡಿಗ್ರಿ ಬಿಸಿ, 26 ಇಬ್ಬನಿ ಬಿಂದು ಇರುವಾಗ, ತೇವಾಂಶ ಒಂದರಿಂದಲೇ ಡೆನ್ಸಿಟಿ ಆಲ್ಟಿಟ್ಯೂಡ್ ಇನ್ನೂ 400 ಅಡಿಗಿಂತ ಜಾಸ್ತಿ ಏರುತ್ತದೆ. ಅಂದರೆ ಬಜ್ಪೆಯಿಂದ ನಿಜವಾಗಿ ಟೇಕಾಫ್ ಮಾಡುವಾಗ ವಿಮಾನಕ್ಕೆ ಸುಮಾರು 3100 ಅಡಿಯ ಗಾಳಿ ಸಿಕ್ಕ ಹಾಗೆ. ರನ್‌ವೇ ಮೇಲೆ ಹೆಚ್ಚು ದೂರ ಓಡಬೇಕು, ಏರುವುದೂ ನಿಧಾನ. ಪರೀಕ್ಷೆಯಲ್ಲಿ ಇದನ್ನು ಸೇರಿಸಬೇಡಿ, ಪ್ರಶ್ನೆ ಕೇಳಿದರೆ ಮಾತ್ರ. ಕಾಕ್‌ಪಿಟ್‌ನಲ್ಲಿ ಕೂತಾಗ ಮಾತ್ರ ಮರೆಯಲೇಬೇಡಿ.

ಪ್ರಶ್ನೆ ಎರಡು: ಮೋಡದ ತಳ

ಇದು ಚಿಕ್ಕದು. ಅದೇ 31/26 ಕೊಟ್ಟು, ನೆಲದಿಂದ ಮೇಲೇಳುವ ಗಾಳಿಯಿಂದ ಹುಟ್ಟುವ ಕ್ಯುಮುಲಸ್ ಮೋಡದ ತಳ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿರುತ್ತದೆ ಎಂದು ಕೇಳುತ್ತಾರೆ. ಗಾಳಿ ಮೇಲೇರುತ್ತಾ ತಣ್ಣಗಾಗುತ್ತದೆ, ಇಬ್ಬನಿ ಬಿಂದುವೂ ನಿಧಾನವಾಗಿ ಇಳಿಯುತ್ತದೆ. ಎರಡೂ ಸೇರುವಲ್ಲಿ ಮೋಡ ಶುರುವಾಗುತ್ತದೆ. ಉಷ್ಣತೆಗೂ ಇಬ್ಬನಿ ಬಿಂದುವಿಗೂ ಇರುವ ಅಂತರದ ಪ್ರತಿ ಡಿಗ್ರಿಗೆ 400 ಅಡಿ ಎಂಬುದು ರೂಢಿಯ ಲೆಕ್ಕ. ಇಲ್ಲಿ ಅಂತರ 5, ಹಾಗಾಗಿ 2000 ಅಡಿ.

ಇಲ್ಲಿಗೇ ನಿಲ್ಲಬೇಡಿ. 2000 ಅಡಿ ಬಂದದ್ದು ನೆಲದಿಂದ, ಅಂದರೆ ಬಜ್ಪೆಯ ರನ್‌ವೇಯಿಂದ. ಕೇಳಿದ್ದು ಸಮುದ್ರ ಮಟ್ಟದಿಂದ. 340 ಸೇರಿಸಿ 2340. ಆಯ್ಕೆಗಳಲ್ಲಿ 2000 ಇದ್ದೇ ಇರುತ್ತದೆ, 340 ಕಳೆದವರಿಗಾಗಿ 1660 ಕೂಡ ಇರಬಹುದು. ಮೆಟಾರ್‌ನಲ್ಲಿ ಬರೆದ 1800 ಅಡಿಯೂ ನಿಲ್ದಾಣದ ಮಟ್ಟದಿಂದ ಅಳೆದದ್ದೇ. ಪೆನ್ನಿನಿಂದ ಅಡಿಗೆರೆ ಹಾಕುವ ಅಭ್ಯಾಸ ಇದ್ದರೆ "ಎಲ್ಲಿಂದ" ಎಂಬ ಮಾತಿನ ಕೆಳಗೆ ಹಾಕಿ.

ಪ್ರಶ್ನೆ ಮೂರು: ಎಷ್ಟು ಕಿಲೋ ಇಂಧನ?

ಈಗ ದೊಡ್ಡ ಲೆಕ್ಕ. ಮಂಗಳೂರಿನಿಂದ ಕೊಚ್ಚಿಗೆ 190 ನಾಟಿಕಲ್ ಮೈಲಿ. ಕೊಚ್ಚಿಯಲ್ಲಿ ಇಳಿಯಲಾಗದಿದ್ದರೆ ಬದಲಿ ನಿಲ್ದಾಣ ಕೋಯಿಕ್ಕೋಡ್, ಅಲ್ಲಿಗೆ 65 ನಾಟಿಕಲ್ ಮೈಲಿ. ಪಿಸ್ಟನ್ ಎಂಜಿನ್‌ನ ಚಿಕ್ಕ ವಿಮಾನ, ಗಾಳಿಯಲ್ಲಿ ಅದರ ನಿಜವಾದ ವೇಗ 110 ನಾಟ್. ಕೊಚ್ಚಿಗೆ ಹೋಗುವಾಗ 15 ನಾಟ್ ಎದುರುಗಾಳಿ, ಕೊಚ್ಚಿಯಿಂದ ಕೋಯಿಕ್ಕೋಡ್ ಕಡೆಗೆ ತಿರುಗಿದರೆ ಅದೇ 15 ನಾಟ್ ಹಿಂದಿನಿಂದ. ಗಂಟೆಗೆ 34 ಲೀಟರ್ ಅವ್‌ಗ್ಯಾಸ್ ಖರ್ಚು. ಟ್ಯಾಕ್ಸಿಗೆ 4 ಲೀಟರ್. ದಾರಿ ಇಂಧನದ 5% ಕಂಟಿಂಜೆನ್ಸಿ. ಕೊನೆಗೆ ನಿಯಮದ ಪ್ರಕಾರದ ಫೈನಲ್ ರಿಸರ್ವ್. ಇಂಧನದ ಸಾಪೇಕ್ಷ ಸಾಂದ್ರತೆ 0.72. ಒಟ್ಟು ಎಷ್ಟು ಕಿಲೋ? ಆಯ್ಕೆಗಳು 79, 85, 89, 165.

ಪ್ರಶ್ನೆ ಉದ್ದ ಇದೆ ಎಂದು ಹೆದರಿ ಕೈಗೆ ಸಿಕ್ಕ ಅಂಕಿಗಳನ್ನೆಲ್ಲ ಗುಣಿಸಲು ಹೋಗಬೇಡಿ. ಮೊದಲು ರಫ್ ಹಾಳೆಯಲ್ಲಿ ಐದು ಸಾಲು ಬರೆಯಿರಿ: ಟ್ಯಾಕ್ಸಿ, ದಾರಿ, ಕಂಟಿಂಜೆನ್ಸಿ, ಬದಲಿ ನಿಲ್ದಾಣ, ರಿಸರ್ವ್. ಯಾವ ಪ್ರಶ್ನೆ ಬಂದರೂ ಇದೇ ಕ್ರಮ. ನಂತರ ಒಂದೊಂದೇ ತುಂಬಿಸಿ, ಎಲ್ಲವನ್ನೂ ಲೀಟರ್‌ನಲ್ಲೇ.

ದಾರಿಗೆ ನೆಲದ ಮೇಲಿನ ವೇಗ 110ರಲ್ಲಿ 15 ಕಳೆದು 95 ನಾಟ್. 190 ಭಾಗಿಸು 95, ಸರಿಯಾಗಿ 2 ಗಂಟೆ. ಇಂಧನ 68 ಲೀಟರ್. ಅದರ 5% ಅಂದರೆ 3.4.

ಬದಲಿ ನಿಲ್ದಾಣಕ್ಕೆ ದಿಕ್ಕು ಬದಲಾಯಿತು. ಮಂಗಳೂರಿನಿಂದ ಕೊಚ್ಚಿ ಆಗ್ನೇಯಕ್ಕಿದೆ. ಕೊಚ್ಚಿಯಿಂದ ಕೋಯಿಕ್ಕೋಡ್‌ಗೆ ಹೋಗುವುದೆಂದರೆ ಬಂದ ಕಡೆಗೇ, ವಾಯವ್ಯಕ್ಕೆ, ಹಿಂದಿರುಗಿದ ಹಾಗೆ. ಹಾಗಾಗಿ ವೇಗ 125 ನಾಟ್. 65 ಭಾಗಿಸು 125, ಉತ್ತರ 0.52 ಗಂಟೆ. ಇದು 52 ನಿಮಿಷ ಅಲ್ಲ, 31 ನಿಮಿಷ ಚಿಲ್ಲರೆ. ಇಂಧನ 17.68 ಲೀಟರ್. ಇಲ್ಲಿ ಇನ್ನೂ ರೌಂಡ್ ಮಾಡಬೇಡಿ, ಕೊನೆಯಲ್ಲಿ ಒಂದೇ ಸಲ ಮಾಡಿ.

ಫೈನಲ್ ರಿಸರ್ವ್ ಎಷ್ಟು ಎಂದು ಪ್ರಶ್ನೆ ಬಾಯಿಬಿಟ್ಟು ಹೇಳುತ್ತಿಲ್ಲ. "ಪಿಸ್ಟನ್ ಎಂಜಿನ್" ಎಂಬ ಎರಡು ಪದದಲ್ಲಿ ಹೇಳಿಬಿಟ್ಟಿದೆ. ಪಿಸ್ಟನ್‌ಗೆ 45 ನಿಮಿಷ, ಟರ್ಬೈನ್‌ಗೆ 30 ನಿಮಿಷ. 45 ನಿಮಿಷ ಅಂದರೆ 0.75 ಗಂಟೆ, 25.5 ಲೀಟರ್. ಕ್ಯಾಲ್ಕುಲೇಟರ್‌ನಲ್ಲಿ 0.45 ಒತ್ತುವವರು ತುಂಬಾ ಜನ ಇದ್ದಾರೆ.

```
4 + 68 + 3.4 + 17.68 + 25.5 = 118.58 ಲೀಟರ್
118.58 × 0.72 = 85.4 ಕಿಲೋ
```

ಉತ್ತರ 85.

ಬದಲಿ ನಿಲ್ದಾಣಕ್ಕೂ 95 ನಾಟ್ ವೇಗವನ್ನೇ ಇಟ್ಟುಕೊಂಡವರಿಗೆ ಆ ಸಾಲು 23.26 ಲೀಟರ್ ಆಗುತ್ತದೆ, ಒಟ್ಟು 89 ಕಿಲೋ. ರಿಸರ್ವ್‌ಗೆ 30 ನಿಮಿಷ ಹಿಡಿದವರಿಗೆ 79. 0.72ರಿಂದ ಗುಣಿಸುವ ಬದಲು ಭಾಗಿಸಿದವರಿಗೆ 165. ಈ ಕೊನೆಯದನ್ನು ಪತ್ತೆ ಮಾಡುವುದು ಸುಲಭ. ಅವ್‌ಗ್ಯಾಸ್ ನೀರಿಗಿಂತ ಹಗುರ, ಒಂದು ಲೀಟರ್ ಒಂದು ಕಿಲೋಗಿಂತ ಕಡಿಮೆ ತೂಗುತ್ತದೆ. ಹಾಗಾಗಿ ಕಿಲೋದ ಅಂಕಿ ಲೀಟರ್‌ನ ಅಂಕಿಗಿಂತ ಚಿಕ್ಕದಾಗಿಯೇ ಇರಬೇಕು. ದೊಡ್ಡದು ಬಂದರೆ ಕಣ್ಣುಮುಚ್ಚಿ ಹೊಡೆದುಹಾಕಿ.

ನನ್ನ ಹತ್ತಿರ ಲೆಕ್ಕ ಕೇಳಲು ಬರುವ ಮಣಿಪಾಲದ ಒಬ್ಬ ಹುಡುಗಿ ಇದೇ ಲೆಕ್ಕ ಮಾಡಿ ಫೋನ್ ಮಾಡಿದ್ದಳು. "ಸರ್, ನನಗೆ 87 ಬಂತು. 85ಕ್ಕೂ 89ಕ್ಕೂ ಸರೀ ಮಧ್ಯ ಇದೆ. ಯಾವುದು ಹಾಕಲಿ?"

"ಎರಡೂ ಹಾಕಬೇಡ ಮಾರಾಯ್ತಿ. ಕಂಟಿಂಜೆನ್ಸಿ ಸಾಲು ಓದು."

"5.76 ಲೀಟರ್ ಸರ್."

ಅಲ್ಲೇ ಸಿಕ್ಕಿತು. ಟ್ಯಾಕ್ಸಿ, ದಾರಿ, ಬದಲಿ, ರಿಸರ್ವ್ ಎಲ್ಲವನ್ನೂ ಕೂಡಿಸಿ, ಆ ಮೊತ್ತದ ಮೇಲೆ 5% ಹಾಕಿದ್ದಳು. ಕಂಟಿಂಜೆನ್ಸಿ ಬರುವುದು ದಾರಿ ಇಂಧನದ ಮೇಲೆ ಮಾತ್ರ. ನಿಮ್ಮ ಉತ್ತರ ಎರಡು ಆಯ್ಕೆಗಳ ನಡುವೆ ಬಿದ್ದರೆ ಹತ್ತಿರದ್ದನ್ನು ಆರಿಸುವ ಬದಲು ಸಾಲುಸಾಲಾಗಿ ಹಿಂದೆ ಹೋಗಿ. ರೌಂಡಿಂಗ್‌ನಿಂದ ಆಗುವ ವ್ಯತ್ಯಾಸ ಇಂಥ ಲೆಕ್ಕದಲ್ಲಿ ಅರ್ಧ ಕಿಲೋ ದಾಟುವುದಿಲ್ಲ. ಎರಡು ಕಿಲೋ ವ್ಯತ್ಯಾಸ ಬಂತೆಂದರೆ ಎಲ್ಲೋ ಒಂದು ಸಾಲೇ ತಪ್ಪಿದೆ. ಐದು ಸಾಲು ಬೇರೆ ಬೇರೆ ಬರೆದಿದ್ದರಿಂದಲೇ ಅವಳ ತಪ್ಪು ಫೋನಿನಲ್ಲೇ ಸಿಕ್ಕಿತು. ಒಂದೇ ಉದ್ದ ಸರಪಳಿಯಾಗಿ ಕ್ಯಾಲ್ಕುಲೇಟರ್ ಒತ್ತಿದ್ದರೆ ಪೂರ್ತಿ ಮತ್ತೆ ಮಾಡಬೇಕಿತ್ತು.

ಇಲ್ಲೂ ಅಂದಾಜು ನೋಡಿ. ಹಾರಾಟ 2 ಗಂಟೆ, ಬದಲಿಗೆ ಅರ್ಧ, ರಿಸರ್ವ್ ಮುಕ್ಕಾಲು. ಮೂರೂಕಾಲು ಗಂಟೆಗೆ 34ರಂತೆ 110 ಲೀಟರ್. ಟ್ಯಾಕ್ಸಿ, ಕಂಟಿಂಜೆನ್ಸಿ ಸೇರಿ ಇನ್ನು 7 ಚಿಲ್ಲರೆ. ಹತ್ತಿರ ಹತ್ತಿರ 118 ಲೀಟರ್. ಪ್ರಶ್ನೆ ಕಿಲೋ ಬದಲು ಅಮೆರಿಕನ್ ಗ್ಯಾಲನ್ ಕೇಳಿದರೆ 3.785ರಿಂದ ಭಾಗಿಸಿ, 31.3 ಬರುತ್ತದೆ. ಇಂಪೀರಿಯಲ್ ಗ್ಯಾಲನ್ ಬೇರೆ, ಅದು 4.546 ಲೀಟರ್. ಬರೀ "ಗ್ಯಾಲನ್" ಎಂದು ಓದಿ ಮುಂದೆ ಹೋಗಬೇಡಿ, ಅದರ ಹಿಂದೆ ಯಾವ ಪದ ಇದೆ ನೋಡಿ.

ನೀವೇ ಮಾಡಿ ನೋಡಿ

ಜನವರಿಯ ಒಂದು ಮಧ್ಯಾಹ್ನ. ಅದೇ ಬಜ್ಪೆ, 340 ಅಡಿ. ಕ್ಯೂಎನ್‌ಎಚ್ 1015, ಉಷ್ಣತೆ 33. ಡೆನ್ಸಿಟಿ ಆಲ್ಟಿಟ್ಯೂಡ್ ಎಷ್ಟು? ಈ ಸಲ ಒತ್ತಡ 1013ಕ್ಕಿಂತ ಜಾಸ್ತಿ ಇದೆ. ಕಿಂಡಿಯ ಅಂಕಿಯನ್ನು 1015ರಿಂದ 1013ಕ್ಕೆ ಇಳಿಸಿದರೆ ಮುಳ್ಳು ಯಾವ ಕಡೆ ಹೋಗುತ್ತದೆ ಎಂದು ಮೊದಲು ಯೋಚಿಸಿ. ಪ್ರೆಶರ್ ಆಲ್ಟಿಟ್ಯೂಡ್ 280 ಬಂದರೆ ನೀವು ಸರಿ ದಾರಿಯಲ್ಲಿದ್ದೀರಿ. ಸ್ಟ್ಯಾಂಡರ್ಡ್ ಉಷ್ಣತೆ 14.44, ಉತ್ತರ 2510 ಅಡಿಯ ಹತ್ತಿರ. ಒತ್ತಡ 12 ಹೆಕ್ಟೋಪಾಸ್ಕಲ್ ಏರಿದ್ದಕ್ಕೆ ಪ್ರೆಶರ್ ಆಲ್ಟಿಟ್ಯೂಡ್ 360 ಅಡಿ ಇಳಿಯಿತು. ಆದರೆ ಸ್ಟ್ಯಾಂಡರ್ಡ್ ಉಷ್ಣತೆಗೂ ಹೊರಗಿನ ಉಷ್ಣತೆಗೂ ಇರುವ ವ್ಯತ್ಯಾಸ 17.28ರಿಂದ 18.56ಕ್ಕೆ ಏರಿ ಅದರಲ್ಲಿ ಅರ್ಧಕ್ಕೂ ಕಡಿಮೆಯನ್ನು ವಾಪಸ್ ತಂದಿತು.

ಇಂಧನದ ಲೆಕ್ಕದಲ್ಲಿ ಗಾಳಿಯನ್ನು ತಿರುಗಿಸಿ. ಕೊಚ್ಚಿಗೆ ಹೋಗುವಾಗ 15 ನಾಟ್ ಹಿಂದಿನಿಂದ, ಕೋಯಿಕ್ಕೋಡ್‌ಗೆ ತಿರುಗಿದರೆ 15 ನಾಟ್ ಎದುರಿಗೆ. ಉಳಿದದ್ದೆಲ್ಲ ಮೊದಲಿನ ಹಾಗೇ. ದಾರಿಗೆ 51.68 ಲೀಟರ್, ಕಂಟಿಂಜೆನ್ಸಿ 2.58, ಬದಲಿಗೆ 23.26, ರಿಸರ್ವ್ 25.5, ಟ್ಯಾಕ್ಸಿ 4. ಒಟ್ಟು 107 ಲೀಟರ್, 77 ಕಿಲೋ. ಯಾವುದಾದರೂ ಸಾಲು ನಿಮ್ಮ ಹಾಳೆಯಲ್ಲಿ ಬೇರೆ ಬಂದಿದ್ದರೆ ಆ ಒಂದು ಸಾಲನ್ನು ಮಾತ್ರ ಮತ್ತೆ ಮಾಡಿ.